ಹಲ್ಲಿನ ಕ್ಯಾಪ್: ದವಡೆಗೆ ಯಾವುದು, ಮುಂದಿನ ಹಲ್ಲಿಗೆ ಯಾವುದು?

ಹಲ್ಲನ್ನು ಸುತ್ತಲೂ ತೇದು ಸಣ್ಣದು ಮಾಡಿ, ಅದರ ಮೇಲೆ ಸಿಮೆಂಟ್ ಹಚ್ಚಿ ಕೂರಿಸುವ ಹಲ್ಲಿನದೇ ಆಕಾರದ ಹೊದಿಕೆಗೆ ಕ್ಯಾಪ್ ಎನ್ನುತ್ತಾರೆ. ದಂತವೈದ್ಯರ ಮಾತಿನಲ್ಲಿ ಅದು ಕ್ರೌನ್. ರೂಟ್ ಕೆನಾಲ್ ಆದ ದವಡೆ ಹಲ್ಲು, ಹುಳುಕಿನಿಂದ ಬಹುಭಾಗ ಕರಗಿಹೋದ ಹಲ್ಲು, ಪೆಟ್ಟು ಬಿದ್ದು ಮುರಿದ ಅಥವಾ ಬಣ್ಣಗೆಟ್ಟ ಮುಂದಿನ ಹಲ್ಲು, ಇವಕ್ಕೆ ಸಾಮಾನ್ಯವಾಗಿ ಕ್ಯಾಪ್ ಹಾಕುತ್ತಾರೆ. ಹಲ್ಲಿನ ಬಣ್ಣದ ಕ್ಯಾಪ್‌ಗಳಲ್ಲಿ ಈಗ ಮೂರು ಬಗೆಗಳು ಮುಖ್ಯ: ಒಳಗೆ ಲೋಹ, ಹೊರಗೆ ಪಿಂಗಾಣಿ ಇರುವ ಮೆಟಲ್-ಸೆರಾಮಿಕ್, ಲೋಹವೇ ಇಲ್ಲದ, ಗಾಜಿನ ಅಂಶವುಳ್ಳ ಆಲ್-ಸೆರಾಮಿಕ್, ಮತ್ತು ಜಿರ್ಕೋನಿಯಾ. ಜಿರ್ಕೋನಿಯಾದಲ್ಲೂ ಲೋಹವಿಲ್ಲ, ಅದೂ ಸೆರಾಮಿಕ್ಕೇ. ಆದರೆ ಅದರ ಒಳರಚನೆ ಮತ್ತು ಗುಣ ಎರಡೂ ಬೇರೆಯಾದ್ದರಿಂದ ಅದನ್ನು ಬೇರೆಯಾಗಿಯೇ ಎಣಿಸುತ್ತಾರೆ.

ಹೆಸರಿನಿಂದ ಒಂದು ಗೊಂದಲ ಆಗುವುದುಂಟು. ಅನೇಕ ಕ್ಲಿನಿಕ್ಕುಗಳಲ್ಲಿ ಬಾಯಿಮಾತಿನಲ್ಲಿ ‘ಸೆರಾಮಿಕ್ ಕ್ಯಾಪ್’ ಎಂದರೆ ಪಿಎಫ್‌ಎಂ, ಅಂದರೆ ಒಳಗೆ ಲೋಹವಿರುವ ಕ್ಯಾಪ್. ಲೋಹವಿಲ್ಲದ್ದು ಬೇಕಿದ್ದವರು ಅದನ್ನು ಮೊದಲೇ ಬಿಡಿಸಿ ಕೇಳಿಕೊಳ್ಳಬೇಕಾಗುತ್ತದೆ.

ಗಟ್ಟಿತನ ಎಂದರೆ ಏನು

ಆರೋಗ್ಯವಂತ ವಯಸ್ಕರು ಹಿಂದಿನ ದವಡೆ ಹಲ್ಲುಗಳಲ್ಲಿ ಬಲವಾಗಿ ಕಚ್ಚಿದಾಗ 500ರಿಂದ 700 ನ್ಯೂಟನ್, ಅಂದರೆ ಸುಮಾರು 50ರಿಂದ 70 ಕಿಲೋ ಭಾರ ಬೀಳಬಲ್ಲದು. ಬಾಚಿಹಲ್ಲುಗಳಲ್ಲಿ ಅದು 10ರಿಂದ 20 ಕಿಲೋದಷ್ಟು. ದವಡೆ ಹಲ್ಲುಗಳು ದವಡೆಯ ಕೀಲಿಗೂ ಅಗಿಯುವ ಸ್ನಾಯುಗಳಿಗೂ ಹತ್ತಿರವಿರುವುದೇ ಈ ವ್ಯತ್ಯಾಸಕ್ಕೆ ಕಾರಣ. ಆದರೆ ದವಡೆ ಹಲ್ಲಿನ ಮೇಲೆ ಭಾರ ಹೆಚ್ಚುಕಡಿಮೆ ನೇರವಾಗಿ ಬಿದ್ದರೆ, ಮೇಲಿನ ಬಾಚಿಹಲ್ಲನ್ನು ಕೆಳಗಿನ ಹಲ್ಲು ಹಿಂದಿನಿಂದ ಓರೆಯಾಗಿ ತಳ್ಳುತ್ತದೆ. ಭಾರ ಕಡಿಮೆಯಾದರೂ ಅಲ್ಲಿ ಕ್ಯಾಪ್ ಬಾಗಿಸುವ ಒತ್ತಡಕ್ಕೆ ಸಿಗುತ್ತದೆ.

ಸೆರಾಮಿಕ್ ವಸ್ತುಗಳು ಅದುಮಿದರೆ ತಡೆದುಕೊಳ್ಳುತ್ತವೆ, ಬಾಗಿಸಿದರೆ ಸೀಳುತ್ತವೆ. ಹಾಗಾಗಿ ಅವುಗಳ ಬಲವನ್ನು ಬಾಗುವಿಕೆ ತಡೆಯುವ ಶಕ್ತಿಯಿಂದ ಅಳೆಯುತ್ತಾರೆ. ಅದರ ಮಾನ ಮೆಗಾಪಾಸ್ಕಲ್. ಲೋಹದ ಮೇಲೆ ಕೂರಿಸುವ ಪಿಂಗಾಣಿಯದು 100ರ ಆಸುಪಾಸು. ಆಲ್-ಸೆರಾಮಿಕ್‌ನಲ್ಲಿ ಹೆಚ್ಚು ಬಳಕೆಯಲ್ಲಿರುವ ಲಿಥಿಯಂ ಡೈಸಿಲಿಕೇಟ್‌ನದು ಸುಮಾರು 400. ದವಡೆಗೆ ಬಳಸುವ ಗಟ್ಟಿ ಜಿರ್ಕೋನಿಯಾದ್ದು 1000ದ ಹತ್ತಿರ.

ಇಷ್ಟೇ ನೋಡಿ ಜಿರ್ಕೋನಿಯಾವೇ ಮೇಲು ಎಂದುಬಿಡುವಂತಿಲ್ಲ. ಕ್ಯಾಪ್ ತಾಳುವ ಭಾರ ವಸ್ತುವಿನ ಬಲವನ್ನಷ್ಟೇ ಅಲ್ಲ, ದಪ್ಪವನ್ನೂ ಅವಲಂಬಿಸಿದೆ. ಅದೂ ದಪ್ಪದ ವರ್ಗಕ್ಕೆ ಅನುಗುಣವಾಗಿ: ಒಂದೇ ವಸ್ತುವಿನ ತಗಡು ಅರ್ಧ ದಪ್ಪವಾದರೆ ಅದು ಬಾಗುವಾಗ ತಾಳುವ ಭಾರ ಕಾಲುಭಾಗಕ್ಕೆ ಇಳಿಯುತ್ತದೆ. ಜೊತೆಗೆ, ಕ್ಯಾಪ್ ಕೆಳಗಿನ ಹಲ್ಲಿಗೆ ಎಷ್ಟು ಬಿಗಿಯಾಗಿ ಅಂಟಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಮೂರು ಬಗೆಗಳ ನಡುವಿನ ಆಯ್ಕೆ ನಿಂತಿರುವುದು ಬಲ, ದಪ್ಪ, ಅಂಟು ಈ ಮೂರರ ಮೇಲೆ. ಮುಂದಿನ ಹಲ್ಲಾದರೆ ಬೆಳಕು ಎಂಬ ನಾಲ್ಕನೆಯದೂ ಸೇರುತ್ತದೆ.

ಮೆಟಲ್-ಸೆರಾಮಿಕ್

ಈ ಬಗೆ 1960ರ ದಶಕದಿಂದ ವ್ಯಾಪಕ ಬಳಕೆಯಲ್ಲಿದೆ. ನಿಕ್ಕಲ್-ಕ್ರೋಮಿಯಂ, ಕೋಬಾಲ್ಟ್-ಕ್ರೋಮಿಯಂ ಅಥವಾ ಚಿನ್ನ, ಪಲ್ಲಾಡಿಯಂ ಬೆರೆತ ಮಿಶ್ರಲೋಹದಿಂದ ಲ್ಯಾಬಿನಲ್ಲಿ ಮೊದಲು ಸುಮಾರು 0.3ರಿಂದ 0.5 ಮಿಲಿಮೀಟರ್ ದಪ್ಪದ ಟೋಪಿ ಮಾಡುತ್ತಾರೆ. ಲೋಹದ ಕಪ್ಪು ಮರೆಯಾಗುವಂತೆ ಅದರ ಮೇಲೆ ಬೆಳಕು ಹಾಯದ ಬಿಳಿ ಪದರವೊಂದನ್ನು ಸುಡುತ್ತಾರೆ. ಆಮೇಲೆ ಹಲ್ಲಿನ ಬಣ್ಣದ ಪಿಂಗಾಣಿ ಪುಡಿಯನ್ನು ನೀರಿನಲ್ಲಿ ಕಲಸಿ, ಕುಂಚದಿಂದ ಏರಿಸುತ್ತ, 900 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಹಲವು ಬಾರಿ ಸುಡುತ್ತಾರೆ. ಕುಲುಮೆಯಿಂದ ಹೊರಬಂದು ತಣ್ಣಗಾಗುವಾಗ ಲೋಹ ಮತ್ತು ಪಿಂಗಾಣಿ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಕುಗ್ಗಬೇಕು. ಲೋಹವೇ ತುಸು ಹೆಚ್ಚು ಕುಗ್ಗಿದರೆ ಒಳ್ಳೆಯದು. ಆಗ ಪಿಂಗಾಣಿ ಒಳಮುಖವಾಗಿ ಅದುಮಿದ ಸ್ಥಿತಿಯಲ್ಲಿ ಉಳಿದು ಸೀಳಿಗೆ ಸುಲಭವಾಗಿ ಬಗ್ಗುವುದಿಲ್ಲ.

ಒಳಗಿನ ಲೋಹ ಮುರಿಯುವುದು ತೀರ ಅಪರೂಪ. ತೊಂದರೆ ಬರುವುದು ಹೊರಗಿನ ಪಿಂಗಾಣಿಯಿಂದ. ದವಡೆ ಹಲ್ಲಿನ ಮೂಲೆಯಲ್ಲಿ ಅದು ಚಕ್ಕೆಯೆದ್ದು, ಕೆಳಗಿನ ಬಿಳಿ ಪದರವೋ ಬೂದು ಲೋಹವೋ ಕಾಣಿಸಿಕೊಳ್ಳುತ್ತದೆ. ಚಕ್ಕೆ ಸಣ್ಣದಾದರೆ ಉಜ್ಜಿ ನಯಗೊಳಿಸಬಹುದು, ದೊಡ್ಡದಾದರೆ ಕ್ಯಾಪನ್ನೇ ಬದಲಿಸಬೇಕು.

ಎರಡನೆಯ ಕೊರತೆ ನೋಟದ್ದು. ಲೋಹದ ಟೋಪಿ ಬೆಳಕನ್ನು ಒಳಕ್ಕೆ ಬಿಡುವುದಿಲ್ಲ. ಸಹಜ ಹಲ್ಲಿನೊಳಗೆ ಹೊಕ್ಕ ಬೆಳಕು ಚದುರಿ ಒಸಡಿನ ಅಂಚನ್ನೂ ಬೆಳಗುತ್ತದೆ. ಮೆಟಲ್-ಸೆರಾಮಿಕ್ ಕ್ಯಾಪಿನ ಪಕ್ಕದ ಒಸಡಿನ ಮೇಲೆ ಒಂದು ಬೂದು ಛಾಯೆ ಉಳಿಯಬಹುದು. ವರ್ಷಗಳು ಕಳೆದು ಒಸಡು ಕೆಳಗಿಳಿದರೆ ಲೋಹದ ಅಂಚೇ ಕಪ್ಪು ಗೆರೆಯಾಗಿ ಕಾಣುತ್ತದೆ. ಅಂಚಿನಲ್ಲಿ ಲೋಹ ಬಿಟ್ಟು ಪಿಂಗಾಣಿಯನ್ನೇ ಕೂರಿಸಿ ಇದನ್ನು ತಪ್ಪಿಸುವ ವಿಧಾನವಿದೆ, ಆದರೆ ಅದಕ್ಕೆ ಲ್ಯಾಬಿನಲ್ಲಿ ಪಳಗಿದ ಕೈ ಬೇಕು. ನಿಕ್ಕಲ್ ಮೈಗೆ ಒಗ್ಗದವರಿಗೆ, ಉದಾಹರಣೆಗೆ ಅಗ್ಗದ ಓಲೆ ಅಥವಾ ಗಡಿಯಾರದ ಪಟ್ಟಿ ತಗುಲಿದಲ್ಲಿ ಕೆರೆತ ಬರುವವರಿಗೆ, ನಿಕ್ಕಲ್ ಇರುವ ಮಿಶ್ರಲೋಹ ಬೇಡ.

ಲೋಹ, ಬಿಳಿ ಪದರ, ಪಿಂಗಾಣಿ ಮೂರಕ್ಕೂ ಜಾಗ ಬೇಕಾದ್ದರಿಂದ ಹಲ್ಲನ್ನು ಹೆಚ್ಚು ತೇಯಬೇಕಾಗುತ್ತದೆ: ಮುಂಭಾಗದಲ್ಲಿ ಸುಮಾರು ಒಂದೂವರೆ ಮಿಲಿಮೀಟರ್, ಅಗಿಯುವ ಮೇಲ್ಭಾಗದಲ್ಲಿ ಒಂದೂವರೆಯಿಂದ ಎರಡು.

ಗಾಜಿನ ಅಂಶದ ಆಲ್-ಸೆರಾಮಿಕ್

ಲೋಹವಿಲ್ಲದ ಪಿಂಗಾಣಿ ಕ್ಯಾಪ್ ಹೊಸ ಕಲ್ಪನೆಯೇನಲ್ಲ. ಅಮೆರಿಕದ ಡೆಟ್ರಾಯಿಟ್‌ನ ದಂತವೈದ್ಯ ಚಾರ್ಲ್ಸ್ ಲ್ಯಾಂಡ್ 19ನೇ ಶತಮಾನದ ಕೊನೆಯಲ್ಲೇ ಅಂಥದನ್ನು ರೂಪಿಸಿದ್ದ. ಅದು ಚೆಲುವಾಗಿತ್ತು, ಆದರೆ ಬೇಗ ಒಡೆಯುತ್ತಿತ್ತು. ಗಾಜಿನ ನಡುವೆ ಗಟ್ಟಿ ಹರಳುಗಳನ್ನು ತುಂಬಿ ಅದನ್ನು ಬಲಪಡಿಸುವ ಪ್ರಯತ್ನಗಳು ಆಮೇಲೆ ನಡೆದವು. ಅವುಗಳಲ್ಲಿ ಇಂದು ಗೆದ್ದು ನಿಂತಿರುವುದು ಲಿಥಿಯಂ ಡೈಸಿಲಿಕೇಟ್.

ಇದರಲ್ಲಿ ಸೂಜಿಯಂಥ ಸಣ್ಣ ಹರಳುಗಳು ಒಂದಕ್ಕೊಂದು ಹೆಣೆದುಕೊಂಡು ಗಾಜಿನೊಳಗೆ ಹುದುಗಿರುತ್ತವೆ. ಸೀಳು ಹರಿಯತೊಡಗಿದರೆ ಈ ಹರಳುಗಳನ್ನು ಬಳಸಿಕೊಂಡು ಹೋಗಬೇಕಾಗಿ ಅದರ ಶಕ್ತಿ ಕುಂದುತ್ತದೆ. ಕಂಪ್ಯೂಟರ್ ಯಂತ್ರದಲ್ಲಿ ಕೊರೆಯುವ ಇದರ ಗಟ್ಟಿಯನ್ನು ಮೊದಲ ಬಾರಿ ಕಂಡವರು ಅಚ್ಚರಿಪಡುತ್ತಾರೆ, ಏಕೆಂದರೆ ಅದು ನೇರಳೆ ಛಾಯೆಯ ನೀಲಿ ಬಣ್ಣದಲ್ಲಿರುತ್ತದೆ. ಆ ಹಂತದಲ್ಲಿ ಅದು ಪೂರ್ತಿ ಗಟ್ಟಿಯಾಗಿಲ್ಲದ್ದರಿಂದ ಕೊರೆಯುವುದು ಸುಲಭ. ಕೊರೆದ ಕ್ಯಾಪನ್ನು ಸುಮಾರು 850 ಡಿಗ್ರಿಯಲ್ಲಿ ಸುಟ್ಟಾಗ ಹರಳುಗಳು ಬೆಳೆದು, ನೀಲಿ ಮಾಯವಾಗಿ, ಹಲ್ಲಿನ ಬಣ್ಣ ಬರುತ್ತದೆ.

ಗಾಜಿನ ಅಂಶದಿಂದ ಎರಡು ಲಾಭಗಳಿವೆ. ಒಂದು, ಬೆಳಕು ಸಹಜ ಹಲ್ಲಿನಲ್ಲಿ ಹಾಯುವಂತೆಯೇ ಹಾದುಹೋಗುತ್ತದೆ; ಬಾಚಿಹಲ್ಲಿನ ತುದಿಯ ಪಾರಕತೆಯನ್ನು ಇಷ್ಟು ಚೆನ್ನಾಗಿ ಅನುಕರಿಸುವ ಗಟ್ಟಿ ವಸ್ತು ಇನ್ನೊಂದಿಲ್ಲ. ಎರಡು, ಕ್ಯಾಪಿನ ಒಳಮೈಗೆ ಹೈಡ್ರೋಫ್ಲೋರಿಕ್ ಆಮ್ಲವನ್ನು ಕೆಲವೇ ಸೆಕೆಂಡು ಸವರಿದರೆ ಗಾಜು ಕರಗಿ, ಹರಳುಗಳ ನಡುವೆ ಸೂಕ್ಷ್ಮ ಗುಳಿಗಳಾಗುತ್ತವೆ. ತೊಳೆದು, ಸೈಲೇನ್ ಎಂಬ ದ್ರಾವಣ ಹಚ್ಚಿ, ರೆಸಿನ್ ಸಿಮೆಂಟ್ ತುಂಬಿದರೆ ಅದು ಆ ಗುಳಿಗಳಲ್ಲಿ ಬೇರೂರಿ ಕ್ಯಾಪನ್ನೂ ಹಲ್ಲನ್ನೂ ಒಂದು ಮಾಡುತ್ತದೆ. ಹೀಗೆ ಅಂಟಿಸಿದ ಕ್ಯಾಪ್ ಸುಮ್ಮನೆ ಕೂರಿಸಿದ್ದಕ್ಕಿಂತ ಹೆಚ್ಚು ಭಾರ ತಾಳುತ್ತದೆ. ಈ ಆಮ್ಲದ ಕೆಲಸ ನಡೆಯುವುದು ಬಾಯಿಯ ಹೊರಗೆ.

ಮಿತಿಗಳೂ ಇವೆ. ಅಂಟಿಸುವಾಗ ಹಲ್ಲು ಪೂರ್ತಿ ಒಣಗಿರಬೇಕು. ಒಸಡಿನಿಂದ ರಕ್ತವೋ ಜೊಲ್ಲೋ ಒಸರಿದರೆ ಅಂಟು ಕೆಡುತ್ತದೆ. ಅಗಿಯುವ ಭಾಗದಲ್ಲಿ ಒಂದರಿಂದ ಒಂದೂವರೆ ಮಿಲಿಮೀಟರ್ ದಪ್ಪ ಇರಲೇಬೇಕು. ಕೋರೆಹಲ್ಲಿನ ಹಿಂದಿನ ಸಣ್ಣ ದವಡೆ ಹಲ್ಲುಗಳಿಗೂ, ಕಚ್ಚುವಿಕೆ ಸೌಮ್ಯವಾಗಿದ್ದರೆ ಮೊದಲ ದೊಡ್ಡ ದವಡೆಗೂ ಇದು ಸಾಕು. ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುವವರ ಕೊನೆಯ ದವಡೆಗೆ ಸಾಲದು.

ಜಿರ್ಕೋನಿಯಾ

ಜಿರ್ಕೋನಿಯಾ ಎಂದರೆ ಜಿರ್ಕೋನಿಯಂ ಲೋಹದ ಆಕ್ಸೈಡು. ಇದರ ಹರಳುಗಳು ಬಿಸಿಗೆ ತಕ್ಕಂತೆ ಆಕಾರ ಬದಲಿಸುತ್ತವೆ. ಹೆಚ್ಚು ಬಿಸಿಯಲ್ಲಿರುವ ಒತ್ತಾದ ಆಕಾರವು ತಣ್ಣಗಾದಾಗ ನೂರಕ್ಕೆ ನಾಲ್ಕೈದರಷ್ಟು ಹಿಗ್ಗುವ ಇನ್ನೊಂದು ಆಕಾರಕ್ಕೆ ತಿರುಗುತ್ತದೆ. ಶುದ್ಧ ಜಿರ್ಕೋನಿಯಾವನ್ನು ಸುಟ್ಟು ಆರಿಸಿದರೆ ಈ ಹಿಗ್ಗುವಿಕೆಯಿಂದಲೇ ಬಿರುಕು ಬಿಡುತ್ತದೆ. ಸ್ವಲ್ಪ ಯಿಟ್ರಿಯಂ ಆಕ್ಸೈಡು ಬೆರೆಸಿದರೆ ಒತ್ತಾದ ಆಕಾರವೇ ತಣ್ಣಗಾದ ಮೇಲೂ ಉಳಿಯುತ್ತದೆ, ಬದಲಾಗುವ ಶಕ್ತಿಯನ್ನು ಒಳಗೇ ಹಿಡಿದಿಟ್ಟುಕೊಂಡು. ಸೀಳೊಂದು ಹರಿಯತೊಡಗಿದಾಗ ಅದರ ತುದಿಯಲ್ಲಿರುವ ಹರಳುಗಳು ಥಟ್ಟನೆ ಹಿಗ್ಗಿ ಸೀಳನ್ನು ಎರಡೂ ಕಡೆಯಿಂದ ಅದುಮುತ್ತವೆ. ಜಿರ್ಕೋನಿಯಾ ಒಡೆಯದಿರುವ ಗುಟ್ಟು ಇದು.

ಕ್ಯಾಪ್ ಕೊರೆಯುವಾಗ ಜಿರ್ಕೋನಿಯಾ ಬಿಲ್ಲೆ ಸೀಮೆಸುಣ್ಣದಷ್ಟು ಮೆದುವಾಗಿರುತ್ತದೆ. ಸುಡುವಾಗ ಅದು ಶೇಕಡಾ 20ರಿಂದ 25ರಷ್ಟು ಕುಗ್ಗುವುದರಿಂದ, ಕಂಪ್ಯೂಟರ್ ಅಷ್ಟೇ ಲೆಕ್ಕಹಾಕಿ ಕ್ಯಾಪನ್ನು ದೊಡ್ಡದಾಗಿ ಕೊರೆಯುತ್ತದೆ. ಆಮೇಲೆ 1500 ಡಿಗ್ರಿಯ ಆಸುಪಾಸಿನಲ್ಲಿ ಗಂಟೆಗಟ್ಟಲೆ ಸುಟ್ಟಾಗ ಅದು ಸರಿಯಾದ ಅಳತೆಗೆ ಬರುತ್ತದೆ.

ಗ್ರಾಹಕರಿಗೆ ಸಾಮಾನ್ಯವಾಗಿ ತಿಳಿಯದ ಸಂಗತಿ ಎಂದರೆ, ಜಿರ್ಕೋನಿಯಾ ಒಂದೇ ಬಗೆಯದಲ್ಲ. ಯಿಟ್ರಿಯಾ ಶೇಕಡಾ 3ರಷ್ಟಿರುವುದು ಅತಿ ಗಟ್ಟಿ, ಆದರೆ ಬೆಳಕು ಹೆಚ್ಚು ಹಾಯದೆ ಸುಣ್ಣದ ಬಿಳುಪು ತೋರುತ್ತದೆ. ಶೇಕಡಾ 5ಕ್ಕೆ ಏರಿಸಿದರೆ ಬೆಳಕು ಚೆನ್ನಾಗಿ ಹಾಯುತ್ತದೆ. ಆದರೆ ಸೀಳನ್ನು ಅದುಮುವ ಹರಳುಗಳು ಕಡಿಮೆಯಾಗಿ ಬಲ ಬಹುತೇಕ ಅರ್ಧಕ್ಕೆ ಇಳಿಯುತ್ತದೆ. ಶೇಕಡಾ 4ರದ್ದು ನಡುವಿನದು. ‘ಹೆಚ್ಚು ಪಾರಕ’ ಎಂದು ಮಾರುವ ಜಿರ್ಕೋನಿಯಾಕ್ಕೆ ದವಡೆಯ ಜಿರ್ಕೋನಿಯಾದ ಬಲವನ್ನು ಆರೋಪಿಸುವುದು ತಪ್ಪು.

ಗಟ್ಟಿ ಜಿರ್ಕೋನಿಯಾ ಅರ್ಧದಿಂದ ಒಂದು ಮಿಲಿಮೀಟರ್ ದಪ್ಪದಲ್ಲೇ ದವಡೆಯ ಭಾರ ತಾಳುತ್ತದೆ. ಹಾಗಾಗಿ ಹಲ್ಲು ತೇಯುವುದು ಕಡಿಮೆ. ಹಿಂದೆ ಇದರ ಮೇಲೂ ಚೆಲುವಿಗಾಗಿ ಪಿಂಗಾಣಿ ಪದರ ಏರಿಸುತ್ತಿದ್ದರು, ಆ ಪದರ ಚಕ್ಕೆಯೇಳುತ್ತಿತ್ತು. ಈಗ ದವಡೆಗೆ ಪದರವಿಲ್ಲದ ಇಡೀ ಜಿರ್ಕೋನಿಯಾವನ್ನೇ ಹಾಕುವುದು ರೂಢಿ.

ಇಷ್ಟು ಗಟ್ಟಿ ವಸ್ತು ಎದುರಿನ ಹಲ್ಲನ್ನು ಸವೆಸುವುದಿಲ್ಲವೇ ಎಂಬ ಅಂಜಿಕೆ ಸಹಜ. ಸವೆತಕ್ಕೆ ಕಾರಣ ಗಟ್ಟಿತನಕ್ಕಿಂತ ಒರಟುತನ. ಚೆನ್ನಾಗಿ ಪಾಲಿಶ್ ಮಾಡಿದ ಜಿರ್ಕೋನಿಯಾ ಎದುರಿನ ಹಲ್ಲಿಗೆ ಪಿಂಗಾಣಿಗಿಂತ ಕಡಿಮೆ ಹಾನಿ ಮಾಡುತ್ತದೆ. ಕಚ್ಚುವಿಕೆ ಸರಿಪಡಿಸಲು ವೈದ್ಯರು ಅದನ್ನು ಉಜ್ಜಿ, ಮತ್ತೆ ಪಾಲಿಶ್ ಮಾಡದೆ ಬಿಟ್ಟರೆ ಮಾತ್ರ ಅದು ಅರದಂತೆ ಕೆಲಸ ಮಾಡುತ್ತದೆ.

ಜಿರ್ಕೋನಿಯಾದಲ್ಲಿ ಗಾಜಿಲ್ಲದ್ದರಿಂದ ಆಮ್ಲದಿಂದ ಗುಳಿ ಬೀಳುವುದಿಲ್ಲ. ಅದರ ಒಳಮೈಗೆ ಅಲ್ಯೂಮಿನಾ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಹೊಡೆದು ಒರಟು ಮಾಡಿ, ಎಂಡಿಪಿ ಎಂಬ ರಾಸಾಯನಿಕವಿರುವ ಪ್ರೈಮರ್ ಹಚ್ಚಬೇಕು. ಬಾಯಲ್ಲಿ ಹಾಕಿ ನೋಡುವಾಗ ಜೊಲ್ಲಿನ ಫಾಸ್ಫೇಟ್ ಅದರ ಮೈಗೆ ಹತ್ತಿಕೊಳ್ಳುತ್ತದೆ, ನೀರಿನಲ್ಲಿ ತೊಳೆದರೆ ಹೋಗುವುದಿಲ್ಲ. ಅದನ್ನು ತೆಗೆಯದೆ ಕೂರಿಸಿದ ಕ್ಯಾಪ್ ಒಡೆಯದಿದ್ದರೂ ಕಳಚಿಬರುವ ಸಂಭವವಿದೆ.

ಒಬ್ಬರದೇ ಬಾಯಿ, ಎರಡು ಕ್ಯಾಪ್

ಈ ಲೆಕ್ಕಾಚಾರ ಹೇಗೆ ನಡೆಯುತ್ತದೆ ಎಂಬುದಕ್ಕೆ ಒಂದು ಮಾದರಿ ನೋಡಬಹುದು. ನಲವತ್ತೈದರ ಒಬ್ಬ ವ್ಯಕ್ತಿಗೆ ಎರಡು ಹಲ್ಲುಗಳಿಗೆ ಕ್ಯಾಪ್ ಬೇಕಾಗಿದೆ ಎಂದುಕೊಳ್ಳೋಣ. ಒಂದು, ರೂಟ್ ಕೆನಾಲ್ ಆದ ಕೆಳಗಿನ ಮೊದಲ ದೊಡ್ಡ ದವಡೆ ಹಲ್ಲು. ಇನ್ನೊಂದು, ಹಿಂದೆಂದೋ ಬಿದ್ದ ಪೆಟ್ಟಿಗೆ ಸತ್ತು ಕಪ್ಪಾಗಿರುವ, ಹುಳುಕು ಮತ್ತು ಹಳೆಯ ತುಂಬುವಿಕೆಯಿಂದ ಸವೆದ ಮೇಲಿನ ಬಾಚಿಹಲ್ಲು.

ದವಡೆ ಹಲ್ಲು ಒಸಡಿನ ಮೇಲೆ 5 ಮಿಲಿಮೀಟರ್ ಎತ್ತರ ಉಳಿದಿದೆ. ಎದುರಿನ ಹಲ್ಲಿನ ತುದಿಗಳು ಚಪ್ಪಟೆಯಾಗಿ ಮಿನುಗುತ್ತಿವೆ. ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸದ ಗುರುತು ಅದು. ಮೆಟಲ್-ಸೆರಾಮಿಕ್ ಹಾಕಲು ಮೇಲಿನಿಂದ 2 ಮಿಲಿಮೀಟರ್ ತೇದರೆ ಉಳಿಯುವುದು 3. ದವಡೆಯ ಕ್ಯಾಪ್ ಕಳಚದೆ ನಿಲ್ಲಲು ಮೋಟು ಸುಮಾರು 4 ಮಿಲಿಮೀಟರ್ ಎತ್ತರ ಇರಬೇಕು. ಲಿಥಿಯಂ ಡೈಸಿಲಿಕೇಟ್‌ಗೆ ಒಂದೂವರೆ ತೇದರೆ ಉಳಿಯುವುದು ಮೂರೂವರೆ, ಮೇಲಾಗಿ ಹಲ್ಲು ಕಡಿತದ ಭಾರ. ಗಟ್ಟಿ ಜಿರ್ಕೋನಿಯಾಕ್ಕೆ 1 ಮಿಲಿಮೀಟರ್ ಸಾಕು, 4 ಉಳಿಯುತ್ತದೆ. ಇಲ್ಲಿ ನಿರ್ಧಾರವಾದದ್ದು ಬಲದ ಅಂಕಿಯಿಂದಷ್ಟೇ ಅಲ್ಲ, ಉಳಿಯುವ ಹಲ್ಲಿನ ಎತ್ತರದಿಂದ. ಶೇಕಡಾ 3ರ ಇಡೀ ಜಿರ್ಕೋನಿಯಾ, ಕೂರಿಸಿದ ಮೇಲೆ ಪಾಲಿಶ್, ರಾತ್ರಿ ಹಾಕಿಕೊಳ್ಳಲು ಒಂದು ನೈಟ್ ಗಾರ್ಡ್ ಎಂಬುದು ಸರಿಯಾದ ಆಯ್ಕೆ.

ಬಾಚಿಹಲ್ಲಿನ ಪ್ರಶ್ನೆ ಬೇರೆ. ಪಕ್ಕದ ಸಹಜ ಹಲ್ಲಿನ ತುದಿ ಪಾರಕವಾಗಿದೆ, ಹಾಗಾಗಿ ಲಿಥಿಯಂ ಡೈಸಿಲಿಕೇಟ್ ಒಪ್ಪುತ್ತದೆ. ಆದರೆ ಬೆಳಕು ಹಾಯುವ ಕ್ಯಾಪಿನ ಮೂಲಕ ಕೆಳಗಿನ ಕಪ್ಪು ಮೋಟು ಬೂದಾಗಿ ಕಾಣುತ್ತದೆ. ಅದಕ್ಕೆ ಮೊದಲು ಹಲ್ಲಿನ ಒಳಗಿನಿಂದ ಬ್ಲೀಚ್ ಮಾಡಿ ಬಣ್ಣ ತಿಳಿಯಾಗಿಸಬೇಕು. ಬ್ಲೀಚಿನಿಂದ ಉಳಿದ ಆಮ್ಲಜನಕ ಸಿಮೆಂಟ್ ಗಟ್ಟಿಯಾಗದಂತೆ ಅಡ್ಡಿ ಮಾಡುವುದರಿಂದ ಅಂಟಿಸುವ ಮುನ್ನ ಎರಡು ವಾರ ಕಾಯಬೇಕು. ಬಣ್ಣ ಆಯುವಾಗ ಹಲ್ಲು ಒದ್ದೆಯಾಗಿರಬೇಕು, ಏಕೆಂದರೆ ಒಣಗಿದ ಹಲ್ಲು ಸಹಜಕ್ಕಿಂತ ಬಿಳಿಯಾಗಿ ತೋರುತ್ತದೆ. ಹಲ್ಲು ತೇಯುವ ಮೊದಲೇ, ಹಗಲು ಬೆಳಕಿನಲ್ಲಿ, ಎ2, ಎ3 ಎಂದೆಲ್ಲ ಗುರುತಿರುವ ಮಾದರಿ ಹಲ್ಲುಗಳನ್ನು ಹಿಡಿದು ನೋಡಬೇಕು. ತಿಳಿಯಾದ ಮೋಟಿನ ಬಣ್ಣವನ್ನೂ ಲ್ಯಾಬಿಗೆ ತಿಳಿಸಿದರೆ ಅವರು ಬೆಳಕು ಕಡಿಮೆ ಹಾಯುವ ಒಳಪದರ ಮಾಡಿ, ಮುಂದೆ ತೆಳುವಾಗಿ ಪಿಂಗಾಣಿ ಏರಿಸುತ್ತಾರೆ. ಇದೇ ಹಲ್ಲಿನೊಳಗೆ ಲೋಹದ ಕಂಬಿ ಇದ್ದು ಮೋಟು ಪೂರ್ತಿ ಕಪ್ಪಾಗಿದ್ದರೆ ಲೆಕ್ಕ ತಲೆಕೆಳಗಾಗುತ್ತದೆ. ಆಗ ಕಪ್ಪನ್ನು ಮರೆಮಾಡಬಲ್ಲ ಜಿರ್ಕೋನಿಯಾ ಒಳಪದರ ಅಥವಾ ಮೆಟಲ್-ಸೆರಾಮಿಕ್ ಮೇಲು.

ಕೆಡುವುದು ಎಲ್ಲಿ

ಮೂರೂ ಬಗೆಗಳಲ್ಲಿ ಚೆನ್ನಾಗಿ ಮಾಡಿದ ಕ್ಯಾಪ್‌ಗಳು ಐದು ವರ್ಷದ ನಂತರ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಉಳಿದಿರುತ್ತವೆ. ಕೆಟ್ಟವುಗಳಲ್ಲಿ ಎಲ್ಲವೂ ಒಡೆದೇ ಕೆಡುವುದಿಲ್ಲ. ಕ್ಯಾಪಿನ ಅಂಚಿನ ಕೆಳಗೆ ಹುಳುಕು ಹತ್ತುವುದು, ಕ್ಯಾಪ್ ಕಳಚುವುದು, ಒಳಗಿನ ಹಲ್ಲೇ ಮುರಿಯುವುದು ಇವೂ ಸಾಮಾನ್ಯ. ಒಸಡಿನ ಮೇಲೆ ಸುತ್ತಲೂ ಒಂದೂವರೆಯಿಂದ ಎರಡು ಮಿಲಿಮೀಟರ್ ಗಟ್ಟಿ ಹಲ್ಲು ಇಲ್ಲದಿದ್ದರೆ ಯಾವ ಕ್ಯಾಪೂ ಅದನ್ನು ಬಹುಕಾಲ ಕಾಯುವುದಿಲ್ಲ.

ಗುರುತುಗಳು ಸರಳ. ಕ್ಯಾಪ್ ಹಾಕಿದ ಪಕ್ಕದಲ್ಲಿ ದಾರ ಹಾಕಿ ಎಳೆದಾಗ ಅದು ನೂಲು ನೂಲಾಗಿ ಹರಿದರೆ ಅಂಚು ಸರಿಯಾಗಿ ಕೂತಿಲ್ಲ. ಒಂದೇ ಕಡೆ ಊಟ ಸಿಕ್ಕಿಕೊಳ್ಳುತ್ತಿದ್ದರೆ ಪಕ್ಕದ ಹಲ್ಲಿನೊಂದಿಗೆ ಸಂಧಿ ಸಡಿಲವಾಗಿದೆ. ಕಚ್ಚಿದಾಗ ಆ ಹಲ್ಲೇ ಮೊದಲು ತಗುಲಿದರೆ ಎತ್ತರ ಹೆಚ್ಚಾಗಿದೆ. ‘ಅಭ್ಯಾಸವಾಗುತ್ತದೆ’ ಎಂದು ಬಿಡದೆ ಸರಿಪಡಿಸಿಕೊಳ್ಳಬೇಕು. ಬಾಯಿಯಲ್ಲಿ ಕೆಟ್ಟ ರುಚಿ, ವಾಸನೆ ಬಂದರೆ ಒಳಗೆ ಸಿಮೆಂಟ್ ಕರಗಿರಬಹುದು.

ಒಟ್ಟಿನಲ್ಲಿ, ಕೊನೆಯ ದವಡೆಗಳಿಗೆ, ಜಾಗ ಕಡಿಮೆ ಇರುವಲ್ಲಿಗೆ, ಹಲ್ಲು ಕಡಿಯುವವರಿಗೆ ಇಡೀ ಗಟ್ಟಿ ಜಿರ್ಕೋನಿಯಾ. ಮುಂದಿನ ಆರು ಹಲ್ಲುಗಳಿಗೆ, ಮೋಟಿನ ಬಣ್ಣ ತಿಳಿಯಾಗಿದ್ದರೆ, ಲಿಥಿಯಂ ಡೈಸಿಲಿಕೇಟ್. ನಗುವಾಗ ಕಾಣುವ ಸಣ್ಣ ದವಡೆ ಹಲ್ಲುಗಳಿಗೆ ಅದು ಅಥವಾ ನಡುವಿನ ಬಗೆಯ ಜಿರ್ಕೋನಿಯಾ. ಸಾಕಷ್ಟು ಎತ್ತರವಿರುವ ದವಡೆಗೆ, ಕೈಗೆಟುಕುವ ಬೆಲೆಯಲ್ಲಿ, ಮೆಟಲ್-ಸೆರಾಮಿಕ್ ಇಂದಿಗೂ ನಂಬಬಹುದಾದ ಕ್ಯಾಪ್. ಕ್ಯಾಪಿಗೆ ಒಪ್ಪುವ ಮೊದಲು ವೈದ್ಯರನ್ನು ಮೂರು ಮಾತು ಕೇಳಿಕೊಳ್ಳಿ: ಇದು ನಿಖರವಾಗಿ ಯಾವ ವಸ್ತು, ಹಲ್ಲನ್ನು ಎಷ್ಟು ತೇಯಬೇಕಾಗುತ್ತದೆ, ತೇದ ಮೇಲೆ ಎಷ್ಟು ಹಲ್ಲು ಉಳಿಯುತ್ತದೆ.